ತಲೆ ಎಣಿಸುವುದೆಲ್ಲಿ, ಮತ ಎಣಿಸುವುದೆಲ್ಲಿ: ಪ್ರಾಸ್ಪೆಕ್ಟಸ್, ಷೇರು ವರ್ಗಾವಣೆ ಮತ್ತು ಕಂಪನಿ ಸಭೆಗಳ ಬಗ್ಗೆ ಒಂದು ಉಪನ್ಯಾಸ

ಕಂಪನಿ ಕಾನೂನಿನ ಆಬ್ಜೆಕ್ಟಿವ್ ಪ್ರಶ್ನೆಗಳಲ್ಲಿ ಮಾರ್ಕ್ಸ್ ಕಳೆದುಕೊಳ್ಳುವವರು ಓದದೆ ಬಂದವರೇ ಅಂತ ಅಂದುಕೊಳ್ಳಬೇಡಿ. ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ, ಎಷ್ಟು ಅಂತ ಕೇಳಿದರೆ 5, 15, 30 ಅಂತ ಎಲ್ಲರೂ ಹೇಳುತ್ತಾರೆ. ವಿಶೇಷ ನಿರ್ಣಯಕ್ಕೆ ಎಷ್ಟು ಬೇಕು ಅಂದರೆ ಮುಕ್ಕಾಲು ಭಾಗ ಅಂತಾರೆ. ಅಂಕಿ ಬಾಯಿಪಾಠ ಆಗಿರುತ್ತದೆ. ಆದರೆ ಆ ಅಂಕಿಯನ್ನು ಯಾವುದರ ಮೇಲೆ ಹಾಕಬೇಕು ಅನ್ನುವುದು ಗೊತ್ತಿರುವುದಿಲ್ಲ. ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು, ಯಾವ ದಿನದಿಂದ ಎಣಿಸಬೇಕು? ಪ್ರಶ್ನೆ ತೆಗೆಯುವವರು ಕೈ ಇಡುವುದು ಅಲ್ಲೇ.

ಇವತ್ತು ಪ್ರಾಸ್ಪೆಕ್ಟಸ್ ಮತ್ತು ಷೇರು ವರ್ಗಾವಣೆಯನ್ನು ಸ್ವಲ್ಪ ಬೇಗ ಮುಗಿಸಿ, ಸಭೆಯ ವಿಷಯಕ್ಕೆ ಜಾಸ್ತಿ ಸಮಯ ಕೊಡುತ್ತೇನೆ. ನಾನು ಹೇಳುವ ಸೆಕ್ಷನ್‌ಗಳೆಲ್ಲ 2013ರ ಕಂಪನಿ ಕಾಯ್ದೆಯವು. ಹಳೆಯ ಗೈಡ್‌ಗಳಲ್ಲಿ ಇನ್ನೂ 1956ರ ಕಾಯ್ದೆಯ ಉತ್ತರಗಳು ಉಳಿದುಕೊಂಡಿವೆ. ಅದರಲ್ಲಿ ಸಾರ್ವಜನಿಕ ಕಂಪನಿಗೆ, ಸದಸ್ಯರು ಎಷ್ಟೇ ಇರಲಿ, ಕೋರಂ ಐದೇ ಆಗಿತ್ತು. ಆ ಗೈಡ್ ಕೈಯಲ್ಲಿದ್ದರೆ ಈ ಅಧ್ಯಾಯದ ಮಟ್ಟಿಗೆ ಪಕ್ಕಕ್ಕಿಡಿ.

ಮೊದಲು ಪ್ರಾಸ್ಪೆಕ್ಟಸ್. ಕಂಪನಿ ಜನರಿಂದ ಹಣ ಕೇಳುವಾಗ ಹೊರಡಿಸುವ ದಾಖಲೆ ಇದು. ಅದರಲ್ಲಿ ಸುಳ್ಳಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಸೆಕ್ಷನ್ ಅಕ್ಕಪಕ್ಕ ಇವೆ. ಸೆಕ್ಷನ್ 34 ಕ್ರಿಮಿನಲ್ ಹೊಣೆ, ಸೆಕ್ಷನ್ 35 ಸಿವಿಲ್ ಹೊಣೆ. 34ರಲ್ಲಿ ಸಿಕ್ಕಿಬಿದ್ದವರಿಗೆ ಶಿಕ್ಷೆ ಸೆಕ್ಷನ್ 447ರ ಪ್ರಕಾರ, ಅಂದರೆ ವಂಚನೆಗೆ ಇರುವ ಶಿಕ್ಷೆಯೇ. 35ರಲ್ಲಿ ಪರಿಹಾರ ಕೊಡಬೇಕು. ಯಾರು ಕೊಡಬೇಕು? ಕಂಪನಿ, ಪ್ರಾಸ್ಪೆಕ್ಟಸ್ ಹೊರಟಾಗ ಡೈರೆಕ್ಟರ್ ಆಗಿದ್ದವರು, ಡೈರೆಕ್ಟರ್ ಆಗುತ್ತೇನೆ ಅಂತ ಒಪ್ಪಿ ಹೆಸರು ಹಾಕಿಸಿಕೊಂಡವರು, ಪ್ರಮೋಟರ್, ಪ್ರಾಸ್ಪೆಕ್ಟಸ್ ಹೊರಡಿಸಲು ಒಪ್ಪಿಗೆ ಕೊಟ್ಟವರು, ಮತ್ತೆ ತಜ್ಞರು.

ಸುಳ್ಳು ಅಂದರೆ ಏನು ಅನ್ನುವುದಕ್ಕೆ ಒಂದು ಹಳೆಯ ಕೇಸು ನೋಡೋಣ. ರೆಕ್ಸ್ ವರ್ಸಸ್ ಕಿಲ್ಸಂಟ್. ಇಂಗ್ಲೆಂಡಿನ ರಾಯಲ್ ಮೇಲ್ ಸ್ಟೀಮ್ ಪ್ಯಾಕೆಟ್ ಅನ್ನುವ ಹಡಗು ಕಂಪನಿ 1928ರಲ್ಲಿ ಒಂದು ಪ್ರಾಸ್ಪೆಕ್ಟಸ್ ಹೊರಡಿಸಿತು. ಹಿಂದಿನ ವರ್ಷಗಳಲ್ಲಿ ಎಷ್ಟೆಷ್ಟು ಡಿವಿಡೆಂಡ್ ಕೊಟ್ಟಿದ್ದೇವೆ ಅಂತ ಅದರಲ್ಲಿ ಬರೆದಿತ್ತು. ಆ ಅಂಕಿಗಳೆಲ್ಲ ನಿಜ. ನಿಜವಾಗಿಯೂ ಅಷ್ಟು ಡಿವಿಡೆಂಡ್ ಕೊಟ್ಟಿದ್ದರು. ಆದರೆ 1921ರಿಂದ ಕಂಪನಿಯ ವ್ಯಾಪಾರ ನಷ್ಟದಲ್ಲಿತ್ತು. ಡಿವಿಡೆಂಡ್ ಹೋಗಿದ್ದು ಯುದ್ಧಕಾಲದಲ್ಲಿ ಕೂಡಿಟ್ಟಿದ್ದ ಗುಪ್ತ ಮೀಸಲು ಹಣದಿಂದ. ಅದನ್ನು ಎಲ್ಲೂ ಹೇಳಿರಲಿಲ್ಲ. ಓದಿದವರಿಗೆ ಕಂಪನಿ ಚೆನ್ನಾಗಿ ಲಾಭ ಮಾಡುತ್ತಿದೆ ಅನ್ನಿಸುತ್ತದೆ, ಅಲ್ವಾ? ಒಂದೊಂದು ವಾಕ್ಯ ನಿಜವಾದರೂ ಒಟ್ಟು ದಾಖಲೆ ಸುಳ್ಳು ಅಂತ ಕೋರ್ಟು ಹೇಳಿ, ಕಂಪನಿಯ ಅಧ್ಯಕ್ಷ ಲಾರ್ಡ್ ಕಿಲ್ಸಂಟ್‌ಗೆ ಒಂದು ವರ್ಷ ಜೈಲು ಕೊಟ್ಟಿತು. ಹಾಗಾಗಿ ‘ಅಕ್ಷರಶಃ ನಿಜವಾದ ಹೇಳಿಕೆಗೆ ಹೊಣೆ ಇಲ್ಲ’ ಅನ್ನುವ ಆಯ್ಕೆ ಕಂಡರೆ ಅದು ತಪ್ಪು. ನಮ್ಮ ಕಾಯ್ದೆಯೂ ದಾರಿ ತಪ್ಪಿಸುವ ರೂಪ, ಸಂದರ್ಭ ಮತ್ತು ಬಿಟ್ಟುಬಿಟ್ಟ ಸಂಗತಿ ಎಲ್ಲವನ್ನೂ ಸೇರಿಸಿಕೊಂಡೇ ಬರೆದಿದೆ.

ಇನ್ನು ‘ಯಾರು’ ಅನ್ನುವ ಪ್ರಶ್ನೆ. ಸೆಕ್ಷನ್ 35ರಲ್ಲಿ ಪರಿಹಾರ ಸಿಗುವುದು ಪ್ರಾಸ್ಪೆಕ್ಟಸ್ ನಂಬಿ ಕಂಪನಿಯಿಂದ ಷೇರು ಪಡೆದವರಿಗೆ. ಒಬ್ಬರು ಪ್ರಾಸ್ಪೆಕ್ಟಸ್ ನೋಡಿ ಅರ್ಜಿ ಹಾಕಿ ಷೇರು ತಗೊಂಡರು, ಆರು ತಿಂಗಳಾದ ಮೇಲೆ ಅದನ್ನು ಇನ್ನೊಬ್ಬರಿಗೆ ಮಾರಿದರು ಅಂತಿಟ್ಟುಕೊಳ್ಳಿ. ಕೊಂಡವರು ‘ಪ್ರಾಸ್ಪೆಕ್ಟಸ್‌ನಲ್ಲಿ ಸುಳ್ಳಿತ್ತು, ನನಗೆ ಪರಿಹಾರ ಕೊಡಿ’ ಅಂದರೆ? 1873ರ ಪೀಕ್ ವರ್ಸಸ್ ಗರ್ನಿ ಕೇಸಿನಲ್ಲಿ ಇದೇ ಪ್ರಶ್ನೆ ಬಂತು. ಷೇರು ಹಂಚಿಕೆ ಆದ ಕೂಡಲೇ ಪ್ರಾಸ್ಪೆಕ್ಟಸ್‌ನ ಕೆಲಸ ಮುಗಿಯಿತು, ಆಮೇಲೆ ಮಾರುಕಟ್ಟೆಯಲ್ಲಿ ಕೊಂಡವರು ಅದರ ಮೇಲೆ ದಾವೆ ಹೂಡುವಂತಿಲ್ಲ ಅಂತ ತೀರ್ಪು ಬಂತು. ಪರೀಕ್ಷೆಯಲ್ಲಿ ಈ ಕೇಸಿನ ಹೆಸರು ಹೇಳದೆ ಕಥೆ ಮಾತ್ರ ಕೊಡುತ್ತಾರೆ. ‘ಮೂಲ ಷೇರುದಾರನಿಂದ ಕೊಂಡ’ ಅನ್ನುವ ಮಾತು ಕಂಡರೆ ಅಲ್ಲೇ ನಿಲ್ಲಿ.

ಡೈರೆಕ್ಟರ್ ತಪ್ಪಿಸಿಕೊಳ್ಳಲು ದಾರಿ ಇದೆಯಾ? ಇದೆ. ಪ್ರಾಸ್ಪೆಕ್ಟಸ್ ಹೊರಡುವ ಮುಂಚೆಯೇ ಒಪ್ಪಿಗೆ ವಾಪಸ್ ತಗೊಂಡಿದ್ದೆ, ಅದು ನನ್ನ ಅನುಮತಿ ಇಲ್ಲದೆ ಹೊರಟಿತು ಅಂತ ತೋರಿಸಬಹುದು. ಇಲ್ಲವೇ ನನಗೆ ತಿಳಿಯದೆ ಹೊರಟಿತು, ತಿಳಿದ ಕೂಡಲೇ ಸಾರ್ವಜನಿಕವಾಗಿ ನೋಟಿಸ್ ಕೊಟ್ಟೆ ಅಂತ ತೋರಿಸಬಹುದು. ಎರಡನೆಯದರಲ್ಲಿ ಆ ನೋಟಿಸ್ ಇಲ್ಲದಿದ್ದರೆ ರಕ್ಷಣೆ ಇಲ್ಲ. ‘ಅವನಿಗೆ ತಿಳಿದಿರಲಿಲ್ಲ’ ಅಂತ ಮಾತ್ರ ಹೇಳಿ ಬಿಡುವ ಪ್ರಶ್ನೆಗಳಿರುತ್ತವೆ. ತಿಳಿದ ಮೇಲೆ ಸುಮ್ನೆ ಕೂತವನಿಗೆ ಹೊಣೆ ತಪ್ಪುವುದಿಲ್ಲ. ಇನ್ನು ವಂಚಿಸುವ ಉದ್ದೇಶದಿಂದಲೇ ಪ್ರಾಸ್ಪೆಕ್ಟಸ್ ಹೊರಡಿಸಿದ್ದರೆ ಹೊಣೆ ವೈಯಕ್ತಿಕ, ಅದಕ್ಕೆ ಮಿತಿಯೂ ಇಲ್ಲ.

ಷೇರು ವರ್ಗಾವಣೆಗೆ ಬರೋಣ. ಇಲ್ಲಿ ‘ಯಾವ ದಿನದಿಂದ’ ಅನ್ನುವುದೇ ಪ್ರಶ್ನೆ. ಒಂದು ಉದಾಹರಣೆ ಹಿಡಿದು ಹೋದರೆ ಸಾಕು. ಕಾಗದದ ಷೇರು ಸರ್ಟಿಫಿಕೇಟ್ ಇರುವ ಒಂದು ಪ್ರೈವೇಟ್ ಕಂಪನಿ ಅಂದುಕೊಳ್ಳಿ. ವರ್ಗಾವಣೆಗೆ ಎಸ್‌ಎಚ್-4 ಅನ್ನುವ ಫಾರಂ ಬೇಕು, ಡಿಮ್ಯಾಟ್ ಷೇರುಗಳಿಗೆ ಅದು ಬೇಕಿಲ್ಲ. ಮಾರುವವರು, ಕೊಳ್ಳುವವರು ಇಬ್ಬರೂ ಎಸ್‌ಎಚ್-4 ಫಾರಂಗೆ ಏಪ್ರಿಲ್ 1ರಂದು ಸಹಿ ಹಾಕಿದರು. ಸಹಿಯ ದಿನದಿಂದ 60 ದಿನದೊಳಗೆ ಫಾರಂ ಕಂಪನಿಗೆ ತಲುಪಬೇಕು. ಮೇ 20ಕ್ಕೆ ತಲುಪಿಸಿದರು. 49 ದಿನ ಆಗಿದೆ, ತೊಂದರೆ ಇಲ್ಲ.

ಈಗ ಗಡಿಯಾರ ಬದಲಾಗುತ್ತದೆ. ಮುಂದಿನ ಎಣಿಕೆ ಸಹಿಯ ದಿನದಿಂದ ಅಲ್ಲ, ಮೇ 20ರಿಂದ. ಕಂಪನಿ ಒಪ್ಪಿದರೆ ಒಂದು ತಿಂಗಳೊಳಗೆ ಹೊಸ ಸರ್ಟಿಫಿಕೇಟ್ ಕೊಡಬೇಕು. ಒಪ್ಪದಿದ್ದರೆ 30 ದಿನದೊಳಗೆ ಕಾರಣ ಹೇಳಿ ನೋಟಿಸ್ ಕಳಿಸಬೇಕು. ನೋಟಿಸ್ ಕೈಗೆ ಬಂದ ದಿನದಿಂದ 30 ದಿನದೊಳಗೆ ಕೊಂಡವರು ಕಂಪನಿ ಕಾನೂನು ಟ್ರಿಬ್ಯುನಲ್‌ಗೆ ಮೇಲ್ಮನವಿ ಹಾಕಬಹುದು. ಕಂಪನಿ ನೋಟಿಸೇ ಕಳಿಸದೆ ಕೂತರೆ, ಫಾರಂ ತಲುಪಿದ ಮೇ 20ರಿಂದ 60 ದಿನ ಸಮಯ. ಇದೇ ಕಂಪನಿ ಪ್ರೈವೇಟ್ ಅಲ್ಲದೆ ಪಬ್ಲಿಕ್ ಆಗಿದ್ದರೆ ಮೇಲ್ಮನವಿಯ ಅವಧಿ ಹೆಚ್ಚುತ್ತದೆ. ನಿರಾಕರಿಸಿದ್ದರೆ 60 ದಿನ, ಏನೂ ಹೇಳದಿದ್ದರೆ ಫಾರಂ ತಲುಪಿದ ದಿನದಿಂದ 90 ದಿನ. ಅದೂ ಅಲ್ಲದೆ ಪಬ್ಲಿಕ್ ಕಂಪನಿ ಸಾಕಷ್ಟು ಕಾರಣವಿಲ್ಲದೆ ನಿರಾಕರಿಸುವಂತಿಲ್ಲ, ಯಾಕಂದರೆ ಅದರ ಷೇರು ಮುಕ್ತವಾಗಿ ಕೈ ಬದಲಾಗಬೇಕು ಅನ್ನುವುದೇ ನಿಯಮ.

ಷೇರು ವರ್ಗಾವಣೆಗೆ ಪ್ರೈವೇಟ್ ಕಂಪನಿ ಹಾಕುವ ನಿರ್ಬಂಧ ಎಲ್ಲಿ ಬರೆದಿರಬೇಕು ಅಂತಲೂ ಕೇಳುತ್ತಾರೆ. ಆರ್ಟಿಕಲ್ಸ್‌ನಲ್ಲಿ, ಅಂದರೆ ಕಂಪನಿಯ ಒಳ ಆಡಳಿತದ ನಿಯಮಾವಳಿಯಲ್ಲಿ. ವಿ.ಬಿ. ರಂಗರಾಜ್ ವರ್ಸಸ್ ವಿ.ಬಿ. ಗೋಪಾಲಕೃಷ್ಣನ್ ಕೇಸಿನಲ್ಲಿ ಒಂದೇ ಕುಟುಂಬದ ಎರಡು ಕವಲುಗಳು, ಯಾವಾಗಲೂ ಸಮ ಸಮ ಷೇರು ಇಟ್ಟುಕೊಳ್ಳೋಣ ಅಂತ ಮಾತು ಮಾಡಿಕೊಂಡಿದ್ದವು. ಒಂದು ಕವಲಿನವರು ಷೇರನ್ನು ಇನ್ನೊಂದು ಕವಲಿಗೆ ಮಾರಿಬಿಟ್ಟರು. ಆ ಒಪ್ಪಂದ ಆರ್ಟಿಕಲ್ಸ್‌ನಲ್ಲಿ ಇರಲಿಲ್ಲ. ಹಾಗಾಗಿ ಅದು ಕಂಪನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟಿಹಾಕುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ವಾರಸುದಾರರಿಗೆ ಸಾವಿನಿಂದ ಬರುವ ಷೇರು ವರ್ಗಾವಣೆ ಅಲ್ಲ, ಟ್ರಾನ್ಸ್‌ಮಿಷನ್. ಅದಕ್ಕೆ ಎಸ್‌ಎಚ್-4 ಬೇಡ. ಇಷ್ಟು ನೆನಪಿದ್ದರೆ ಈ ಭಾಗದ ಮಟ್ಟಿಗೆ ನಡೆಯುತ್ತದೆ.

ಈಗ ಸಭೆ. ಇಲ್ಲಿ ನಿಧಾನವಾಗಿ ಹೋಗೋಣ.

ಸೆಕ್ಷನ್ 103. ಪಬ್ಲಿಕ್ ಕಂಪನಿಯಲ್ಲಿ ಸದಸ್ಯರು 1000ದವರೆಗೆ ಇದ್ದರೆ ಕೋರಂ 5. ಸಾವಿರ ದಾಟಿ 5000ದವರೆಗೆ ಇದ್ದರೆ 15. ಐದು ಸಾವಿರ ದಾಟಿದರೆ 30. ಪ್ರೈವೇಟ್ ಕಂಪನಿಗೆ 2. ಸರಿಯಾಗಿ 1000 ಸದಸ್ಯರಿದ್ದರೆ ಐದೇ, ಹದಿನೈದಲ್ಲ. ಸರಿಯಾಗಿ 5000 ಇದ್ದರೆ ಹದಿನೈದೇ. ಸದಸ್ಯರ ಸಂಖ್ಯೆಯನ್ನು ನೋಡುವುದು ಸಭೆಯ ದಿನದಂದು, ಹಣಕಾಸು ವರ್ಷ ಮುಗಿದ ದಿನದಂದು ಅಲ್ಲ. ಆರ್ಟಿಕಲ್ಸ್ ಇದಕ್ಕಿಂತ ದೊಡ್ಡ ಸಂಖ್ಯೆ ಹೇಳಬಹುದು, ಚಿಕ್ಕದು ಹೇಳುವಂತಿಲ್ಲ.

ಒಂದು ಸಭೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಲಿಸ್ಟ್ ಆಗಿರದ ಒಂದು ಪಬ್ಲಿಕ್ ಕಂಪನಿ. 640 ಸದಸ್ಯರು. ಒಟ್ಟು 1,00,000 ಈಕ್ವಿಟಿ ಷೇರು, ಷೇರಿಗೊಂದು ಮತ. ಆರ್ಟಿಕಲ್ಸ್ ಬದಲಾಯಿಸಬೇಕು ಅಂತ ವಿಶೇಷ ನಿರ್ಣಯಕ್ಕೆ ಸಭೆ ಕರೆದಿದ್ದಾರೆ. ಬೆಳಿಗ್ಗೆ 11ಕ್ಕೆ ಸಭೆ. ಸಭಾಂಗಣದಲ್ಲಿ ಎಂಟು ಜನ ಕೂತಿದ್ದಾರೆ. ನಾಲ್ಕು ಜನ ಸದಸ್ಯರು, ಅವರನ್ನು ಎ, ಬಿ, ಸಿ, ಡಿ ಅಂತ ಕರೆಯೋಣ. ಅವರಲ್ಲಿ ಎ ಅವರ ಕೈಯಲ್ಲಿ, ಬಾರದ ಮೂವರು ಸದಸ್ಯರು ತಮ್ಮ ಬದಲು ಮತ ಹಾಕಲು ಬರೆದುಕೊಟ್ಟ ಪ್ರಾಕ್ಸಿ ಫಾರಂ ಕೂಡ ಇದೆ. ಐದನೆಯವರು ಇನ್ನೊಂದು ಕಂಪನಿಯ ಪ್ರತಿನಿಧಿ. ಆ ಕಂಪನಿ ಇಲ್ಲಿ 30,000 ಷೇರು ಹೊಂದಿದೆ. ಉಳಿದ ಮೂವರು ಬರೀ ಪ್ರಾಕ್ಸಿಗಳು, ಅವರು ಸದಸ್ಯರಲ್ಲ.

ಕೋರಂ ಇದೆಯಾ?

ಎಂಟು ಜನ ಇದ್ದಾರಲ್ಲ, ಐದು ಸಾಕಲ್ವಾ ಅನ್ನುವವರು ಉತ್ತರ ಸರಿಯಾಗಿ ಹೇಳಿದರೂ ಕಾರಣ ತಪ್ಪು. ಪ್ರಶ್ನೆ ಸ್ವಲ್ಪ ತಿರುಗಿಸಿದರೆ ಉತ್ತರವೂ ತಪ್ಪುತ್ತದೆ. ಕಾಯ್ದೆ ಹೇಳುವುದು ಸದಸ್ಯರು ಖುದ್ದಾಗಿ ಹಾಜರಿರಬೇಕು ಅಂತ. ಪ್ರಾಕ್ಸಿಗಳನ್ನು ಎಣಿಸುವಂತಿಲ್ಲ. ಆ ಮೂವರು ಹೋದರು. ಎ ಕೈಯಲ್ಲಿ ಮೂರು ಪ್ರಾಕ್ಸಿ ಇದ್ದರೂ ಅವರು ಒಬ್ಬರೇ. ಅಲ್ಲಿಗೆ ನಾಲ್ಕು. ಇನ್ನು ಐದನೆಯವರು. ಕಂಪನಿ ಅನ್ನುವುದು ಖುದ್ದಾಗಿ ಬಂದು ಕುರ್ಚಿಯಲ್ಲಿ ಕೂರಲಾರದು. ಅದಕ್ಕೇ ಸೆಕ್ಷನ್ 113 ಇದೆ. ಸದಸ್ಯ ಕಂಪನಿಯ ಬೋರ್ಡ್ ನಿರ್ಣಯ ಮಾಡಿ ಒಬ್ಬರನ್ನು ಕಳಿಸಿದರೆ, ಅವರು ಬಂದರೆ ಕಂಪನಿಯೇ ಖುದ್ದಾಗಿ ಬಂದಂತೆ. ಆಗ ಐದು. ಕೋರಂ ಸರಿಯಾಗಿ ತುಂಬಿತು.

ಈಗ ಒಂದೇ ಒಂದು ಕಾಗದ ಬದಲಾಯಿಸಿ. ಆ ಐದನೆಯವರು ಬೋರ್ಡ್ ನಿರ್ಣಯದ ಪ್ರತಿ ತರದೆ, ಕಂಪನಿ ಸಹಿ ಹಾಕಿದ ಪ್ರಾಕ್ಸಿ ಫಾರಂ ತಂದಿದ್ದಾರೆ. ಅದೇ ಮನುಷ್ಯ, ಅದೇ ಕುರ್ಚಿ, ಅದೇ 30,000 ಷೇರು. ಆದರೆ ಅವರೀಗ ಪ್ರಾಕ್ಸಿ. ಎಣಿಕೆ ನಾಲ್ಕಕ್ಕೆ ಇಳಿಯಿತು. ಎಂಟು ಜನ ಕೂತಿದ್ದರೂ ಕೋರಂ ಇಲ್ಲ. ಪರೀಕ್ಷೆಯಲ್ಲಷ್ಟೇ ಅಲ್ಲ, ಕಂಪನಿ ಸೆಕ್ರೆಟರಿಗಳ ಕೆಲಸದಲ್ಲೂ ಬಾಗಿಲ ಬಳಿ ಮೊದಲು ನೋಡಬೇಕಾದ ಕಾಗದ ಇದು.

ಒಬ್ಬರೇ ಎರಡು ಮೂರು ಕಂಪನಿಗಳ ಪ್ರತಿನಿಧಿಯಾಗಿ ಬಂದರೆ? ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್-2 ಇದಕ್ಕೆ ಉತ್ತರ ಕೊಡುತ್ತದೆ. ಅಷ್ಟೂ ಸದಸ್ಯರು ಹಾಜರಿದ್ದಂತೆ ಎಣಿಸಬಹುದು. ಆದರೆ ಒಬ್ಬರೇ ಕೂತು ಸಭೆ ಮಾಡುವಂತಿಲ್ಲ, ಕನಿಷ್ಠ ಇಬ್ಬರು ವ್ಯಕ್ತಿಗಳು ಇರಬೇಕು. ಐದು ಕಂಪನಿಗಳ ಪ್ರತಿನಿಧಿ ಒಬ್ಬರೇ ಬಂದರೆ ಕೋರಂ ಇಲ್ಲ. ಅವರ ಜೊತೆ ಇನ್ನೊಬ್ಬ ಸದಸ್ಯರು ಬಂದರೆ ಇದೆ.

ಒಬ್ಬರೇ ಯಾಕೆ ಆಗದು ಅನ್ನುವುದರ ಹಿಂದೆ 1876ರ ಶಾರ್ಪ್ ವರ್ಸಸ್ ಡಾಸ್ ಕೇಸಿದೆ. ಇದನ್ನು ಸ್ವಲ್ಪ ಹೇಳಿಯೇ ಮುಂದೆ ಹೋಗುತ್ತೇನೆ. ಒಂದು ಗಣಿ ಕಂಪನಿಯ ಸಭೆಗೆ ಸೆಕ್ರೆಟರಿಯನ್ನು ಬಿಟ್ಟರೆ ಷೇರುದಾರರಲ್ಲಿ ಬಂದವರು ಒಬ್ಬರೇ. ಅವರೇ ಅಧ್ಯಕ್ಷರಾದರು, ಷೇರಿನ ಮೇಲೆ ಇನ್ನಷ್ಟು ಹಣ ಕೇಳುವ ನಿರ್ಣಯ ಮಾಡಿದರು. ಆ ಹಣ ಕಟ್ಟಲು ಒಪ್ಪದ ಷೇರುದಾರರ ಮೇಲೆ ದಾವೆ ಹೂಡಿದಾಗ, ಇಬ್ಬರು ಕೂಡದೆ ಸಭೆ ಆಗದು, ಹಾಗಾಗಿ ಆ ನಿರ್ಣಯಕ್ಕೆ ಬೆಲೆಯಿಲ್ಲ ಅಂತ ಕೋರ್ಟು ಹೇಳಿತು. ಇದಕ್ಕೂ ಒಂದು ಅಪವಾದ ಇದೆ. ವಾರ್ಷಿಕ ಸಭೆ ಕರೆಯದೆ ಬಿಟ್ಟಾಗ ಟ್ರಿಬ್ಯುನಲ್ ತಾನೇ ಸಭೆ ಕರೆಸಿ, ಒಬ್ಬ ಸದಸ್ಯ ಹಾಜರಿದ್ದರೂ ಸಭೆಯೇ ಅಂತ ಆದೇಶ ಕೊಡಬಹುದು. ಅದು ಸೆಕ್ಷನ್ 97.

ಮತ್ತೆ ನಮ್ಮ ಸಭಾಂಗಣಕ್ಕೆ ಬನ್ನಿ. ಕೋರಂ ತುಂಬದಿದ್ದರೆ ಅರ್ಧ ಗಂಟೆ ಕಾಯಬೇಕು. ಅರ್ಧ ಗಂಟೆ ಅಂದರೆ ನೋಟಿಸಿನಲ್ಲಿ ಹೇಳಿದ 11 ಗಂಟೆಯಿಂದ. 11:30ಕ್ಕೂ ನಾಲ್ಕೇ ಇದ್ದರೆ ಸಭೆ ಮುಂದಿನ ವಾರ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಮುಂದೂಡಿಕೆ ಆಗುತ್ತದೆ. ಬೋರ್ಡ್ ಬೇರೆ ದಿನ, ಬೇರೆ ಜಾಗ ಕೂಡ ಗೊತ್ತು ಮಾಡಬಹುದು. ಸದಸ್ಯರಿಗೆ ಕನಿಷ್ಠ ಮೂರು ದಿನದ ನೋಟಿಸ್ ಕೊಡಬೇಕು. ಮುಂದೂಡಿದ ಸಭೆಯಲ್ಲೂ ಅರ್ಧ ಗಂಟೆಯೊಳಗೆ ಐದು ಜನ ಆಗದಿದ್ದರೆ ಬಂದ ಸದಸ್ಯರೇ ಕೋರಂ. ಮೂವರಿದ್ದರೂ ನಡೆಯುತ್ತದೆ, ಇಬ್ಬರಿದ್ದರೂ ನಡೆಯುತ್ತದೆ.

ಆದರೆ ಸಭೆಯನ್ನು ಕರೆದದ್ದು ಯಾರು ಅಂತ ಕೇಳಿಕೊಳ್ಳಿ. ಸೆಕ್ಷನ್ 100ರ ಪ್ರಕಾರ ಹತ್ತನೇ ಒಂದು ಭಾಗ ಮತಬಲ ಇರುವ ಸದಸ್ಯರು ಬೇಡಿಕೆ ಸಲ್ಲಿಸಿ, ಕೊನೆಗೆ ತಾವೇ ಕರೆದ ಸಭೆಯಾಗಿದ್ದರೆ, ಅರ್ಧ ಗಂಟೆಯಲ್ಲಿ ಕೋರಂ ಆಗದಿದ್ದಾಗ ಮುಂದೂಡಿಕೆ ಇಲ್ಲ, ಸಭೆಯೇ ರದ್ದು. ಸಭೆ ಬೇಕೇ ಬೇಕು ಅಂತ ಕರೆದವರೇ ಬರದಿದ್ದರೆ ಎರಡನೇ ಅವಕಾಶ ಯಾಕೆ ಅನ್ನುವುದು ಕಾನೂನಿನ ನಿಲುವು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ.

ಒಂದು ಸೂಕ್ಷ್ಮ ಹೇಳಿಬಿಡುತ್ತೇನೆ. ಕೋರಂ ಶುರುವಿನಲ್ಲಿ ಇದ್ದರೆ ಸಾಕಾ, ಕೊನೆಯವರೆಗೂ ಇರಬೇಕಾ? ಕಾಯ್ದೆಯ ಟೇಬಲ್ ಎಫ್‌ನಲ್ಲಿರುವ ಮಾದರಿ ಆರ್ಟಿಕಲ್ಸ್ ಓದಿದರೆ ಕೆಲಸ ಶುರುವಾಗುವಾಗ ಇದ್ದರೆ ಸಾಕು ಅನ್ನಿಸುತ್ತದೆ. ಆದರೆ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್-2 ಶುರುವಿನಲ್ಲೂ ಇರಬೇಕು, ಕೆಲಸ ನಡೆಯುವಾಗಲೂ ಇರಬೇಕು ಅಂತ ಹೇಳುತ್ತದೆ. ಸೆಕ್ಷನ್ 118 ಆ ಸ್ಟ್ಯಾಂಡರ್ಡ್ ಪಾಲಿಸಲೇಬೇಕು ಅನ್ನುತ್ತದೆ. ಹಾಗಾಗಿ ನಮ್ಮ ಸಭೆಯಲ್ಲಿ ಸಿ ಅವರು ಕೋಪ ಮಾಡಿಕೊಂಡು ಮತದಾನಕ್ಕೆ ಮುಂಚೆ ಎದ್ದು ಹೋದರೆ, ಎಣಿಕೆ ನಾಲ್ಕಾಗಿ ಸಭೆ ಅಲ್ಲಿಗೇ ನಿಲ್ಲುತ್ತದೆ.

ಸಿ ಎದ್ದು ಹೋಗಲಿಲ್ಲ ಅಂತ ಇಟ್ಟುಕೊಂಡು ಮತದಾನಕ್ಕೆ ಹೋಗೋಣ.

ಮೊದಲು ಕೈ ಎತ್ತುವುದು. ಸಾವಿರಕ್ಕಿಂತ ಕಡಿಮೆ ಸದಸ್ಯರಿರುವ, ಲಿಸ್ಟ್ ಆಗದ ಕಂಪನಿ ಆದ್ದರಿಂದ ಇ-ವೋಟಿಂಗ್ ಕಡ್ಡಾಯವಲ್ಲ. ಕೈ ಎತ್ತುವಾಗ ತಲೆಗೊಂದು ಮತ. 30,000 ಷೇರಿನ ಕಂಪನಿಯ ಪ್ರತಿನಿಧಿಗೂ ಒಂದೇ ಕೈ, ಹತ್ತು ಷೇರಿನವರಿಗೂ ಒಂದೇ ಕೈ. ಪ್ರಾಕ್ಸಿಗಳು ಕೈ ಎತ್ತುವಂತಿಲ್ಲ. ಅವರಿಗೆ ಸಭೆಯಲ್ಲಿ ಮಾತಾಡುವ ಹಕ್ಕೂ ಇಲ್ಲ. ಪ್ರತಿನಿಧಿ, ಎ, ಬಿ ಪರವಾಗಿ ಕೈ ಎತ್ತಿದರು. ಸಿ ವಿರುದ್ಧ. ಡಿ ಸುಮ್ನೆ ಕೂತರು. ಮೂರು ಪರ, ಒಂದು ವಿರುದ್ಧ.

ವಿಶೇಷ ನಿರ್ಣಯ ಪಾಸಾಯಿತಾ? ಸೆಕ್ಷನ್ 114ನ್ನು ಪದ ಪದವಾಗಿ ಓದಿ. ಪರವಾದ ಮತಗಳು ವಿರುದ್ಧ ಬಿದ್ದ ಮತಗಳ ಮೂರರಷ್ಟಕ್ಕಿಂತ ಕಡಿಮೆ ಇರಬಾರದು. ‘ಮೂರರಷ್ಟಕ್ಕಿಂತ ಹೆಚ್ಚು’ ಅಂತ ಇಲ್ಲ. ಒಂದರ ಮೂರರಷ್ಟು ಮೂರು, ಪರವಾಗಿ ಸರಿಯಾಗಿ ಮೂರು ಇದೆ. ಪಾಸು. ಡಿ ಅವರನ್ನು ಲೆಕ್ಕಕ್ಕೇ ತಗೊಳ್ಳುವಂತಿಲ್ಲ, ಯಾಕಂದರೆ ಅವರು ಮತ ಹಾಕಲಿಲ್ಲ. ಹಾಜರಿದ್ದವರ ಮುಕ್ಕಾಲು ಭಾಗ ಅಂತ ಲೆಕ್ಕ ಮಾಡಿದವರಿಗೆ ಐದರಲ್ಲಿ ಮೂರು, ಅಂದರೆ 60 ಶೇಕಡ ಬರುತ್ತದೆ. ಅವರು ಬಿದ್ದುಹೋಯಿತು ಅಂತ ಗುರುತು ಹಾಕುತ್ತಾರೆ. ಮಾರ್ಕ್ಸ್ ಹೋಗುವ ಜಾಗ ಇದೇ.

ಸಿ ಬಿಡಲಿಲ್ಲ. ಅವರ ಬಳಿ 14,000 ಷೇರು ಇದೆ. ಪೋಲ್ ಬೇಕು ಅಂದರು. ಕೇಳಬಹುದಾ? ಸೆಕ್ಷನ್ 109ರ ಪ್ರಕಾರ ಒಟ್ಟು ಮತಬಲದ ಹತ್ತನೇ ಒಂದು ಭಾಗ ಇದ್ದರೆ, ಇಲ್ಲವೇ ಐದು ಲಕ್ಷ ರೂಪಾಯಿಗೆ ಕಡಿಮೆ ಇಲ್ಲದಷ್ಟು ಹಣ ಪಾವತಿಯಾದ ಷೇರುಗಳಿದ್ದರೆ ಕೇಳಬಹುದು. ಅವರಿಗೆ ನೂರಕ್ಕೆ 14 ಇದೆ, ಅಷ್ಟು ಸಾಕು. ಕೈ ಎತ್ತುವ ಮತದಾನದ ಫಲಿತಾಂಶ ಹೇಳುವ ಮುಂಚೆ ಅಥವಾ ಹೇಳಿದ ಕೂಡಲೇ ಕೇಳಬೇಕು. ಕೇಳಿದರು.

ಪೋಲ್ ಅಂದರೆ ಈಗ ತಲೆ ಎಣಿಸುವುದು ಮುಗಿಯಿತು, ಷೇರು ಎಣಿಸುವುದು ಶುರು. ಪ್ರಾಕ್ಸಿಗಳಿಗೂ ಈಗ ಮತ ಬಂತು. ಪರವಾಗಿ ಕಂಪನಿ ಪ್ರತಿನಿಧಿಯ 30,000. ಎ ಅವರ ಸ್ವಂತದ್ದು, ಪ್ರಾಕ್ಸಿಯದ್ದು ಸೇರಿ 8,000. ಬಿ 5,000. ಪ್ರಾಕ್ಸಿಗಳಲ್ಲಿ ಒಬ್ಬರು 5,000. ಒಟ್ಟು 48,000. ವಿರುದ್ಧವಾಗಿ ಸಿ ಅವರ 14,000, ಉಳಿದ ಇಬ್ಬರು ಪ್ರಾಕ್ಸಿಗಳಿಂದ 3,000. ಒಟ್ಟು 17,000. ಡಿ ಅವರ 5,000 ಈಗಲೂ ಹಾಕಲಿಲ್ಲ. ಉಳಿದ 30,000 ಷೇರಿನವರು ಬರಲೇ ಇಲ್ಲ.

17,000ದ ಮೂರರಷ್ಟು 51,000. ಪರವಾಗಿ ಇರುವುದು 48,000. ನಿರ್ಣಯ ಬಿತ್ತು. ಬಿದ್ದ ಮತಗಳಲ್ಲಿ ಇದು ಸುಮಾರು 73.8 ಶೇಕಡ, ಗೆರೆ ಮುಟ್ಟಲು ಮೂರು ಸಾವಿರ ಮತ ಕಡಿಮೆ. ಕೈ ಎತ್ತಿದಾಗ ಪಾಸಾದ ಅದೇ ನಿರ್ಣಯ ಪೋಲ್‌ನಲ್ಲಿ ಬಿತ್ತು, ನಿಲ್ಲುವುದು ಪೋಲ್‌ನ ಫಲಿತಾಂಶವೇ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಡಿ ಅವರು ಮನಸ್ಸು ಬದಲಿಸಿ 5,000ವನ್ನು ಪರವಾಗಿ ಹಾಕಿದರೆ 53,000 ಆಗಿ ಪಾಸಾಗುತ್ತದೆ. ಕಂಪನಿಯ ಒಟ್ಟು ಬಂಡವಾಳದಲ್ಲಿ ಅದು 53 ಶೇಕಡ ಮಾತ್ರ. ‘ವಿಶೇಷ ನಿರ್ಣಯಕ್ಕೆ ಒಟ್ಟು ಷೇರು ಬಂಡವಾಳದ 75 ಶೇಕಡ ಬೇಕು’ ಅನ್ನುವ ಆಯ್ಕೆ ಯಾಕೆ ತಪ್ಪು ಅಂತ ಈಗ ಕಣ್ಣಿಗೆ ಕಾಣುತ್ತದೆ, ಅಲ್ವಾ?

ಇದೇ ಪೋಲ್ ಸಾಮಾನ್ಯ ನಿರ್ಣಯಕ್ಕೆ ಆಗಿದ್ದರೆ 48,000 ಎದುರು 17,000, ಆರಾಮಾಗಿ ಪಾಸು. ಪರವಾದ ಮತ ವಿರುದ್ಧದ್ದಕ್ಕಿಂತ ಒಂದು ಹೆಚ್ಚಿದ್ದರೂ ಸಾಕು. ಸಮ ಸಮ ಬಂದರೆ, ಆರ್ಟಿಕಲ್ಸ್ ಕೊಟ್ಟಿದ್ದರೆ, ಅಧ್ಯಕ್ಷರ ನಿರ್ಣಾಯಕ ಮತ ಉಪಯೋಗಕ್ಕೆ ಬರುತ್ತದೆ.

ಇನ್ನು ‘ವಿಶೇಷ’ ಅಂತ ಶುರುವಾಗುವ ಮೂರು ಸಂಗತಿಗಳನ್ನು ಬೆರೆಸಬೇಡಿ. ವಿಶೇಷ ನಿರ್ಣಯ ಅಂದರೆ ಈಗ ನೋಡಿದ ಮೂರರಷ್ಟು ಮತ. ವಿಶೇಷ ವ್ಯವಹಾರ ಅಂದರೆ ವಾರ್ಷಿಕ ಸಭೆಯ ನಾಲ್ಕು ಮಾಮೂಲಿ ವಿಷಯಗಳನ್ನು ಬಿಟ್ಟು ಉಳಿದದ್ದು. ಲೆಕ್ಕಪತ್ರ ಮತ್ತು ವರದಿಗಳು, ಡಿವಿಡೆಂಡ್, ನಿವೃತ್ತರಾಗುವ ಡೈರೆಕ್ಟರ್ ಜಾಗಕ್ಕೆ ನೇಮಕ, ಆಡಿಟರ್ ನೇಮಕ ಇವು ಆ ನಾಲ್ಕು. ವಿಶೇಷ ವ್ಯವಹಾರವನ್ನು ಸಾಮಾನ್ಯ ನಿರ್ಣಯದಿಂದಲೂ ಪಾಸು ಮಾಡಬಹುದು. ಮೂರನೆಯದು ವಿಶೇಷ ನೋಟಿಸ್, ಸೆಕ್ಷನ್ 115. ಇದು ಸದಸ್ಯರು ಕಂಪನಿಗೆ ಕೊಡುವ ನೋಟಿಸ್. ಸಭೆಗೆ ಕನಿಷ್ಠ 14 ದಿನ ಮುಂಚೆ ಕೊಡಬೇಕು, ಮೂರು ತಿಂಗಳಿಗಿಂತ ಮುಂಚೆ ಕೊಡುವಂತಿಲ್ಲ. ಕಂಪನಿ ಅದನ್ನು ಸಭೆಗೆ ಕನಿಷ್ಠ 7 ದಿನ ಮುಂಚೆ ಸದಸ್ಯರಿಗೆ ತಿಳಿಸಬೇಕು.

ಈ ಗೊಂದಲದ ಮೇಲೆ ಬರುವ ಪ್ರಶ್ನೆ ಸಾಮಾನ್ಯವಾಗಿ ಡೈರೆಕ್ಟರ್‌ನನ್ನು ತೆಗೆಯುವುದರ ಬಗ್ಗೆ. ಅವಧಿ ಮುಗಿಯುವ ಮುಂಚೆ ಡೈರೆಕ್ಟರ್‌ನನ್ನು ತೆಗೆಯಲು ಯಾವ ನಿರ್ಣಯ ಬೇಕು? ಸೆಕ್ಷನ್ 169 ಹೇಳುವುದು ಸಾಮಾನ್ಯ ನಿರ್ಣಯ, ಆದರೆ ವಿಶೇಷ ನೋಟಿಸ್ ಕೊಟ್ಟಿರಬೇಕು. ಎರಡನೇ ಅವಧಿಗೆ ಮತ್ತೆ ನೇಮಕವಾದ ಸ್ವತಂತ್ರ ಡೈರೆಕ್ಟರ್ ಆದರೆ ಮಾತ್ರ ವಿಶೇಷ ನಿರ್ಣಯ ಬೇಕು. ಆಡಿಟರ್‌ನನ್ನು ಅವಧಿಗೆ ಮುಂಚೆ ತೆಗೆಯುವುದಾದರೆ ವಿಶೇಷ ನಿರ್ಣಯ, ಜೊತೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ. ಆಡಿಟರ್‌ಗೆ ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ಡೈರೆಕ್ಟರ್ ಷೇರುದಾರರ ವಿಶ್ವಾಸದ ಮೇಲೆ ಕೂತವರು, ವಿಶ್ವಾಸ ಹೋದರೆ ಅರ್ಧಕ್ಕಿಂತ ಹೆಚ್ಚು ಮತದಲ್ಲಿ ಹೋಗಬೇಕು. ಆಡಿಟರ್ ತಪ್ಪು ತೋರಿಸುವ ಕೆಲಸಕ್ಕೆ ಇರುವವರು. ತಪ್ಪು ತೋರಿಸಿದ ಕಾರಣಕ್ಕೇ ಅವರನ್ನು ಸುಲಭವಾಗಿ ಕಳಿಸುವಂತಿದ್ದರೆ ಆ ಹುದ್ದೆಯೇ ವ್ಯರ್ಥ.

ಬೋರ್ಡ್ ಸಭೆಯ ಕೋರಂ ಇದೇ ರೀತಿಯಾ ಅಂತ ಮೊದಲೇ ಒಬ್ಬರು ಚೀಟಿ ಕೊಟ್ಟಿದ್ದರು. ಅಲ್ಲ. ಸೆಕ್ಷನ್ 174ರಲ್ಲಿ ಒಟ್ಟು ಡೈರೆಕ್ಟರ್‌ಗಳ ಮೂರನೇ ಒಂದು ಭಾಗ ಅಥವಾ ಇಬ್ಬರು, ಯಾವುದು ಹೆಚ್ಚೋ ಅದು. ಖಾಲಿ ಇರುವ ಜಾಗವನ್ನು ಬಿಟ್ಟು ಎಣಿಸಬೇಕು. ಭಿನ್ನರಾಶಿ ಬಂದರೆ ಮೇಲಕ್ಕೆ ಏರಿಸಬೇಕು. 12 ಜಾಗಗಳಲ್ಲಿ ಒಂದು ಖಾಲಿ ಇದ್ದರೆ 11ರ ಮೂರನೇ ಒಂದು, ಅಂದರೆ ಮೂರೂ ಚಿಲ್ಲರೆ. ಕೋರಂ ನಾಲ್ಕು. ವಿಡಿಯೋದಲ್ಲಿ ಸೇರಿದವರನ್ನೂ ಎಣಿಸಬಹುದು. ಆದರೆ ಚರ್ಚೆಯಾಗುವ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇರುವ ಡೈರೆಕ್ಟರ್‌ನನ್ನು ಆ ವಿಷಯಕ್ಕೆ ಕೋರಂನಲ್ಲಿ ಸೇರಿಸುವಂತಿಲ್ಲ. ಹಿತಾಸಕ್ತಿ ಇರುವವರೇ ಮೂರನೇ ಎರಡು ಭಾಗ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಹಾಜರಿರುವ ಉಳಿದವರು ಕೋರಂ ಆಗುತ್ತಾರೆ, ಅವರು ಇಬ್ಬರಿಗೆ ಕಡಿಮೆ ಇರಬಾರದು. ಹತ್ತು ಡೈರೆಕ್ಟರ್‌ಗಳಲ್ಲಿ ಏಳು ಜನರಿಗೆ ಹಿತಾಸಕ್ತಿ ಇದ್ದರೆ ಉಳಿದ ಮೂವರಲ್ಲಿ ಇಬ್ಬರು ಬಂದರೂ ಕೆಲಸ ಸಾಗುತ್ತದೆ. ಅದೇ ಹತ್ತರಲ್ಲಿ ಆರು ಜನರಿಗೆ ಇದ್ದರೆ ಮೂರನೇ ಎರಡು ಭಾಗ ಮುಟ್ಟಲಿಲ್ಲ, ಹಾಗಾಗಿ ಮಾಮೂಲಿ ಕೋರಂ ನಾಲ್ಕೇ ಬೇಕು. ಹಿತಾಸಕ್ತಿ ಇಲ್ಲದ ಆ ನಾಲ್ವರೂ ಹಾಜರಿರಲೇಬೇಕು. ಅವರಲ್ಲಿ ಒಬ್ಬರು ಬರದಿದ್ದರೂ ಆ ವಿಷಯವನ್ನು ಅವತ್ತು ಎತ್ತಿಕೊಳ್ಳುವಂತಿಲ್ಲ.